ಸತ್ತದ್ದು ಮೋಟಾರೋ, ಮೀಟರೋ?

ಮಕ್ಕಳನ್ನು ಶಾಲೆಗೆ, ಮದ್ರಸಕ್ಕೆ ಕರೆದೊಯ್ಯಲು ನಿಮ್ಮಲ್ಲಿ ಹಲವರು ಬ್ಯಾಟರಿ ಸ್ಕೂಟರ್ ಓಡಿಸುತ್ತಿರಬಹುದು. ನನ್ನ ಅನುಭವವೊಂದನ್ನು ನಿಮಗೆ ಹೇಳಲೇಬೇಕು.

ಅಂದು ಮಗಳನ್ನು ಹಿಂದೆ ಕೂರಿಸಿಕೊಂಡು ಏರುದಾರಿ ಹತ್ತುತ್ತಿದ್ದೆ. ಮೀಟರ್‌ನಲ್ಲಿ ಇನ್ನೂ ಶೇ. 30 ಚಾರ್ಜ್ ಇತ್ತು. ಇದ್ದಕ್ಕಿದ್ದಂತೆ ಮೋಟಾರ್, ದೀಪ, ಮೀಟರ್ ಎಲ್ಲವೂ ಆರಿದವು. ಹಿಂದೆ ಲಾರಿ ಬರುತ್ತಿತ್ತು. ಹೇಗೋ ಎಡಕ್ಕೆ ಸರಿದೆ. ಅಲ್ಲಾಹನು ಕಾಪಾಡಿದ. ಕೀ ಆಫ್ ಮಾಡಿ, ತುಸು ಹೊತ್ತಿನ ಬಳಿಕ ಆನ್ ಮಾಡಿದರೆ ಸ್ಕೂಟರ್ ಏನೂ ಆಗದಂತೆ ಓಡಿತು!

“ನೀನು ಸರಿಯಾಗಿ ಚಾರ್ಜ್ ಮಾಡಿರಲಿಕ್ಕಿಲ್ಲ” ಎಂದರು ನಮ್ಮವರು. ಮೆಕ್ಯಾನಿಕ್ ಕಂಟ್ರೋಲರ್ ಬದಲಿಸಿದ. ವಾರದೊಳಗೆ ಅದೇ ಏರಿನಲ್ಲಿ ಸ್ಕೂಟರ್ ಮತ್ತೆ ನಿಂತಿತು. “ಬಿಎಂಎಸ್ ತಪ್ಪಿಸಿ ನೇರ ವಯರ್ ಕೊಡುತ್ತೇನೆ ಮೇಡಂ, ಇನ್ನು ನಿಲ್ಲುವುದೇ ಇಲ್ಲ” ಎಂದ. ನಾನು ಹೂಂ ಎನ್ನುವುದರಲ್ಲಿದ್ದೆ.

ಬ್ಯಾಟರಿ ಕೆಲಸ ಬಲ್ಲ ನನ್ನ ತಮ್ಮ ತಡೆದ. ಅವನು ಕೇಳಿದ್ದು ಒಂದೇ ಪ್ರಶ್ನೆ: “ನಿಂತಾಗ ಮೀಟರ್ ಉರಿಯುತ್ತಿತ್ತಾ ಅಕ್ಕಾ?”

ಕಂಟ್ರೋಲರ್ ಅಥವಾ ಮೋಟಾರಿನ ಸೆನ್ಸರ್ ಕೆಟ್ಟರೆ ಸಾಮಾನ್ಯವಾಗಿ ಮೀಟರ್ ಉರಿಯುತ್ತಲೇ ಇದ್ದು, ದೋಷದ ಸಂಖ್ಯೆ ತೋರಿಸುತ್ತದೆ. ಆ ಸಂಖ್ಯೆಯ ಅರ್ಥ ಕಂಪೆನಿಯಿಂದ ಕಂಪೆನಿಗೆ ಬೇರೆ. ಸ್ಕೂಟರಿನ ಕೈಪಿಡಿಯಲ್ಲೇ ನೋಡಬೇಕು. ಎಲ್ಲವೂ ಒಟ್ಟಿಗೆ ಆರಿದರೆ ಹೆಚ್ಚಾಗಿ ಬ್ಯಾಟರಿಯ ಕಡೆಯಿಂದ ವಿದ್ಯುತ್ ನಿಂತಿರುತ್ತದೆ. ಹೊಂಡಕ್ಕೆ ಬಿದ್ದಾಗ ಆರಿದರೆ ಸಡಿಲವಾದ ಕನೆಕ್ಟರ್ ಇರಬಹುದು. ಏರಿನಲ್ಲಿ ಆರಿದರೆ ಬಿಎಂಎಸ್ ಮೇಲೆ ಸಂಶಯ. ಬಿಎಂಎಸ್ ಎಂದರೆ ಬ್ಯಾಟರಿಯೊಳಗಿನ ಕಾವಲುಗಾರ.

ನಮ್ಮ ಬ್ಯಾಟರಿಯಲ್ಲಿ 17 ಸೆಲ್ ಗುಂಪುಗಳು ಸಾಲಾಗಿವೆ. ತಮ್ಮ ಭಾರ ಹಾಕಿ ಅಳೆದಾಗ 16 ಗುಂಪುಗಳು 3.5 ವೋಲ್ಟ್‌ನಲ್ಲಿದ್ದವು, ಒಂದು ಮಾತ್ರ 2.7ಕ್ಕೆ ಕುಸಿಯಿತು. ಒಟ್ಟು 58.7 ವೋಲ್ಟ್. ಕಂಟ್ರೋಲರ್ ನೋಡುವುದು ಈ ಒಟ್ಟು ಲೆಕ್ಕವನ್ನು. ಅದಕ್ಕೆ ಇದು ಸಾಕು, ಹಾಗಾಗಿ ದೋಷದ ಸಂಖ್ಯೆಯೂ ಇಲ್ಲ. ಬಿಎಂಎಸ್ ಒಂದೊಂದು ಗುಂಪನ್ನೂ ನೋಡುತ್ತದೆ, 2.8ಕ್ಕಿಂತ ಕೆಳಗಿಳಿದ ಕೂಡಲೇ ಕಡಿದುಬಿಡುತ್ತದೆ. ಭಾರ ಇಳಿದಾಗ ಆ ಗುಂಪು ಚೇತರಿಸಿಕೊಳ್ಳುತ್ತದೆ, ಸ್ಕೂಟರ್ ಮತ್ತೆ ಓಡುತ್ತದೆ.

ಬಿಎಂಎಸ್ ತಪ್ಪಿಸಿದ್ದರೆ? ಸೋತ ಸೆಲ್ ಇನ್ನಷ್ಟು ಹಿಂಡಿಹೋಗಿ, ಮುಂದೆ ಚಾರ್ಜ್‌ಗೆ ಇಟ್ಟಾಗ ಒಳಗೇ ಶಾರ್ಟ್ ಆಗಿ ಬೆಂಕಿ ಹೊತ್ತಬಹುದಿತ್ತು. ನಮ್ಮ ಸ್ಕೂಟರ್ ಚಾರ್ಜ್ ಆಗುವುದು ಮಕ್ಕಳು ಮಲಗುವ ಕೋಣೆಯ ಗೋಡೆಯ ಆಚೆಗೆ!

ಗುಂಪುಗಳ ಚಾರ್ಜ್ ಮಾತ್ರ ಏರುಪೇರಾಗಿದ್ದರೆ, ಚಾರ್ಜ್ ತುಂಬಿದ ಮೇಲೂ ಕೆಲವು ಗಂಟೆ ಚಾರ್ಜರ್ ಬಿಟ್ಟರೆ ಬಿಎಂಎಸ್ ಮೆಲ್ಲಗೆ ಸರಿದೂಗಿಸುತ್ತದೆ. ನಾವು ಹಗಲಲ್ಲಿ, ಕಣ್ಣೆದುರೇ ಅದನ್ನು ಮಾಡಿ ನೋಡಿದೆವು, ಫಲವಾಗಲಿಲ್ಲ. ಆ ಸೆಲ್‌ಗಳ ಶಕ್ತಿಯೇ ಕುಂದಿತ್ತು. ಕೊನೆಗೆ ಕಂಪೆನಿಯ ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿ ಬದಲಿಸಬೇಕಾಯಿತು.

ಸಹೋದರಿಯರೇ, ನಿಮ್ಮ ಸ್ಕೂಟರ್ ಹಾಗೆ ನಿಂತರೆ ಮೊದಲು ಎಡಬದಿಗೆ ಸರಿಯಿರಿ. ಮೀಟರ್ ಉರಿಯುತ್ತಿದೆಯೇ, ಆರಿದೆಯೇ ಎಂದು ನೋಡಿಕೊಳ್ಳಿ. ಮೆಕ್ಯಾನಿಕ್‌ಗೆ ಮೊದಲು ಅದನ್ನೇ ಹೇಳಿ. ನಾನು ಅದನ್ನು ಹೇಳಿರಲಿಲ್ಲ. ಹೊಸ ಕಂಟ್ರೋಲರ್‌ನ ಹಣ ವ್ಯರ್ಥವಾಯಿತು.