ಸೋದರಮಾವ ತಂದ ಲಂಗ

ಯಲಹಂಕದಿಂದ ಅಕ್ಕನ ಫೋನು. "ಚಿಕ್ಕವಳು ದೊಡ್ಡೋಳಾದ್ಲು ಕಣೋ. ಹನ್ನೊಂದನೇ ದಿನಕ್ಕೆ ಆರತಿ ಇಟ್ಕೊಂಡಿದೀವಿ. ಬಟ್ಟೆ ನಿಂದೇ."

ಬೇರೆ ಯಾರಾದರೂ ಆಗಿದ್ದರೆ ಖುಷಿಪಡುತ್ತಿದ್ದರೇನೋ. ನನಗೆ ಮಾತ್ರ ಎದೆ ಧಸಕ್ಕೆಂದಿತು. ಕಾರಣ ಇದೆ, ಹೇಳ್ತೀನಿ.

ನಮ್ಮ ಕಡೆ ಪದ್ಧತಿ ನಿಮಗೂ ಗೊತ್ತಿರಬಹುದು. ಹುಡುಗಿ ನೆರೆದರೆ ಸೋದರಮಾವ ಹಸಿರು ಗರಿ ತಂದು ಗುಡ್ಲು ಹಾಕಬೇಕು, ಮೊದಲ ಲಂಗ ದಾವಣಿ ಅವನೇ ತರಬೇಕು. ಈಗ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಗುಡ್ಲು ಎಲ್ಲಿ ಹಾಕೋದು? ಎರಡು ತೆಂಗಿನ ಗರಿ ಗೋಡೆಗೆ ಒರಗಿಸಿದರೆ ಮುಗೀತು. ಆದರೆ ಬಟ್ಟೆಯ ಜವಾಬ್ದಾರಿ ಮಾತ್ರ ಮಾವನ ತಲೆಯಿಂದ ಇಳಿದಿಲ್ಲ. ಇಂದು ಈ ಪುಟ ಓದುತ್ತಿರುವ ತಮ್ಮಂದಿರೆಲ್ಲ ನಾಳೆ ಸೋದರಮಾವಂದಿರೇ! ಅದಕ್ಕೇ ನನ್ನ ಒಂದು ಫ್ಲಾಪು, ಒಂದು ಹಿಟ್ಟು, ಎರಡನ್ನೂ ನಿಮ್ಮ ಮುಂದೆ ಬಿಚ್ಚಿಡ್ತಿದೀನಿ.

ಮೊದಲು ಫ್ಲಾಪು. ಮೂರು ವರ್ಷದ ಹಿಂದೆ ದೊಡ್ಡ ಸೊಸೆಯ ಆರತಿ. ಆರ್.ಟಿ. ನಗರದ ಒಂದು ಛತ್ರದಲ್ಲಿ. ನಾನು ಸಿನಿಮಾದವನು ಅಲ್ಲವೇ, ಬರೆಯುವುದೂ ಸಿನಿಮಾ, ಕನಸು ಕಾಣುವುದೂ ಸಿನಿಮಾ! 2002ರ 'ದೇವದಾಸ್'ನಲ್ಲಿ ಮಾಧುರಿ ದೀಕ್ಷಿತ್ ತೊಟ್ಟಿದ್ದಳಲ್ಲ, ಆ ಥರದ್ದೇ ಒಂದು ಲೆಹೆಂಗಾ ಎರಡು ತಿಂಗಳ ಸಂಪಾದನೆ ಸುರಿದು ತಂದೆ. ಮೈತುಂಬ ಕಲ್ಲು, ಮಣಿ, ಕುಂದನ್ನು. ಒಳಗೆ ಗುಡಾರದಂತೆ ಅರಳಿಸುವ ಕ್ಯಾನ್‌ಕ್ಯಾನ್ ಬಲೆ. ಅಂಗಡಿಯ ಗೊಂಬೆಗೆ ಅದ್ಭುತವಾಗಿತ್ತು. ಗೊಂಬೆಗೆ ನೋವಾಗುವುದಿಲ್ಲವಲ್ಲ ಸ್ವಾಮಿ!

ಬೆಳಿಗ್ಗೆ ಒಂಬತ್ತಕ್ಕೆ ಹಸೆಗೆ ಕೂರಿಸಿದರು. ಹನ್ನೊಂದರ ಹೊತ್ತಿಗೆ ಹುಡುಗಿಯ ಮುಖ ಬಾಡಿತು. ಮಧ್ಯಾಹ್ನ ಒಂದಕ್ಕೆ ಆರತಿ ತಟ್ಟೆ ಎದುರಿಗಿರುವಾಗಲೇ "ಅಮ್ಮಾ, ತಲೆ ತಿರುಗ್ತಿದೆ" ಅಂದವಳು ಪಕ್ಕಕ್ಕೆ ವಾಲಿದಳು. ಕೋಣೆಗೆ ಎತ್ತಿಕೊಂಡು ಹೋಗಿ ಲಾಡಿ ಬಿಚ್ಚಿದರೆ ಸೊಂಟದ ಸುತ್ತ ಹಗ್ಗ ಕಟ್ಟಿದ ಹಾಗೆ ಕೆಂಪು ಬರೆ, ಬಲೆ ಉಜ್ಜಿ ಮೊಣಕಾಲ ಹಿಂದೆಲ್ಲ ಗೀರು ಅಂತ ಅಕ್ಕ ಆಮೇಲೆ ಹೇಳಿದಳು. ಫೋಟೋದಲ್ಲಿ ಒಂದರಲ್ಲೂ ಹುಡುಗಿ ನಕ್ಕಿಲ್ಲ. ಮರುದಿನ ಆ ಲೆಹೆಂಗಾವನ್ನು ತರಕಾರಿ ಅಂಗಡಿಯ ತಕ್ಕಡಿಗೆ ಹಾಕಿದೆ. 4 ಕೆ.ಜಿ. 300 ಗ್ರಾಂ! ಅದಷ್ಟೂ ಒಂದು ಲಾಡಿಯ ಮೇಲೆ, ಆ ಲಾಡಿ ಹದಿಮೂರು ವರ್ಷದ ಮಗುವಿನ ಹೊಟ್ಟೆಯ ಮೇಲೆ. ಈಗಷ್ಟೇ ಹೊಟ್ಟೆನೋವು ಅಂದರೇನೆಂದು ತಿಳಿದ ಮಗು...

ಆ ಪಾಪ ನನ್ನ ಹಿಂದೆಯೇ ಓಡಾಡುತ್ತಿತ್ತು. ಹಾಗಾಗಿ ಈ ಸಲ ಅಂಗಡಿಗೆ ಹೋಗುವ ಮೊದಲು ಯಶವಂತಪುರದಾಚೆ ನಂದಿನಿ ಲೇಔಟಿನ ಕಂಠೀರವ ಸ್ಟುಡಿಯೋಗೆ ಹೋದೆ. ಒಂದು ಶೂಟಿಂಗ್ ವರದಿಗೆ ಹೋಗಬೇಕಿತ್ತು ಅನ್ನಿ. ಅಲ್ಲಿ ಕಾಸ್ಟ್ಯೂಮ್ ವಿಭಾಗದ ಹಿರಿಯ ಟೈಲರ್ ಒಬ್ಬರಿದ್ದಾರೆ, ಎಲ್ಲರಿಗೂ 'ಮಾಸ್ಟರ್'. ಟೀ ಕುಡಿಸಿ ನನ್ನ ಕತೆ ಹೇಳಿದೆ.

ಮಾಸ್ಟರ್ ನಕ್ಕರು. "ನೋಡಪ್ಪಾ, ಹೀರೋಯಿನ್ನು ಆ ಭಾರ ಹೊರೋದು ಒಂದೊಂದು ಶಾಟಿಗೆ. ಕಟ್ ಅಂದ ತಕ್ಷಣ ಕುರ್ಚಿ, ಫ್ಯಾನು, ಜ್ಯೂಸು. ನಿನ್ ಸೊಸೆಗೆ ಎಂಟು ಗಂಟೆ ಒಂದೇ ಟೇಕು. ಕಟ್ ಹೇಳೋ ಡೈರೆಕ್ಟರೇ ಇಲ್ಲ!" ಆಮೇಲೆ ಕೇಳಿದರು: "ನಿಮ್ಮಕ್ಕ ಸಣ್ಣೋಳಾಗಿದ್ದಾಗ ಬಾಡಿ ಲಂಗ ಹಾಕ್ತಿರ್ಲಿಲ್ವಾ?"

ಬಾಡಿ ಲಂಗ! ಪುಟ್ಟ ಮಕ್ಕಳ ರೇಷ್ಮೆ ಲಂಗದ ಮೇಲ್ತುದಿಗೆ ತೋಳಿಲ್ಲದ ಹತ್ತಿಯ ಬಾಡಿ ಸೇರಿಸಿ ಹೊಲಿಯುತ್ತಾರಲ್ಲ, ಅದೇ. ಮಕ್ಕಳಿಗೆ ಸೊಂಟ ನಿಲ್ಲುವುದಿಲ್ಲ, ಜಾರುತ್ತದೆ ಅಂತ ಹಾಗೆ ಮಾಡುತ್ತಿದ್ದರು. ಹುಡುಗಿ ದೊಡ್ಡವಳಾದಳು ಅಂದ ಕೂಡಲೇ ಬಾಡಿ ಕಿತ್ತು ಲಾಡಿ ಹಾಕಿಬಿಡುತ್ತೇವೆ. ಮಾಸ್ಟರ್ ಹೇಳಿದ್ದು ಇಷ್ಟೇ: ದಿನವಿಡೀ ಕೂರಬೇಕಾದವಳಿಗೆ ಬಾಡಿ ಕೀಳಬೇಡ. ಲಂಗದ ಭಾರ ಹೆಗಲಿಂದ ಇಳಿಬಿದ್ದರೆ ಹೊಟ್ಟೆ ಖಾಲಿ ಇರುತ್ತದೆ, ಉಸಿರು ಸರಾಗ. ಮೇಲೆ ರವಿಕೆ, ಅದರ ಮೇಲೆ ದಾವಣಿ ಬಂದರೆ ಒಳಗಿನ ಬಾಡಿ ಯಾರ ಕಣ್ಣಿಗೂ ಬೀಳುವುದಿಲ್ಲ. "ಆದ್ರೆ ನಿನ್ನ ನಾಲ್ಕು ಕೆ.ಜಿ. ಲೆಹೆಂಗಾಗೆ ಬಾಡಿ ಹಾಕಿದ್ರೆ ಸೊಂಟದ ಬರೆ ಹೆಗಲಿಗೆ ಬರುತ್ತೆ ಅಷ್ಟೇ. ಎಲ್ಲಾ ಸೇರಿ ಒಂದೂವರೆ ಕೆ.ಜಿ. ದಾಟಬಾರ್ದು, ತಿಳ್ಕೋ."

ಒಂದೂವರೆ ಕೆ.ಜಿ. ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಸೊಸೆಯನ್ನೂ ಅಕ್ಕನನ್ನೂ ಕರೆದುಕೊಂಡು ದೊಡ್ಡಬಳ್ಳಾಪುರದ ಬಸ್ಸು ಹತ್ತಿದೆ. ಯಲಹಂಕದಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ಊರ ತುಂಬ ರೇಷ್ಮೆ ಸೀರೆಯ ಮಗ್ಗಗಳ ಸದ್ದು. ಲಂಗದ ಸೆಟ್ಟು ಕೊಳ್ಳಲಿಲ್ಲ, ಒಂದು ಮೆದು ರೇಷ್ಮೆ ಸೀರೆ ಕೊಂಡೆವು. ಐದೂವರೆ ಮೀಟರ್ ಸೀರೆಯಲ್ಲಿ ಮೂರೂವರೆ ಮೀಟರ್ ಲಂಗಕ್ಕೆ, ಉಳಿದದ್ದರಲ್ಲಿ ರವಿಕೆ. ಮೇಲಂಚನ್ನು ಕತ್ತರಿಸಿ ತೋಳಿಗೆ. ಎಲ್ಲಾ ಒಂದೇ ಬಣ್ಣವಾದ್ದರಿಂದ ಕೊಂಡ ಸೆಟ್ಟಿಗಿಂತ ಚೆಂದವೇ ಬಂತು.

ಆರಿಸುವಾಗ ಮಾಡಿದ್ದು ಎರಡೇ ಪರೀಕ್ಷೆ. ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ನೀರಿನಂತೆ ಇಳಿಯಬೇಕು. ತಗಡಿನಂತೆ ನಿಂತರೆ ಕೂತಾಗ ಮಡಿಲಲ್ಲಿ ಗುಡ್ಡೆಯಾಗುತ್ತದೆ, ಎದ್ದಾಗ ಸುಕ್ಕು. ಎರಡನೆಯದು, ಜರಿಯಂಚಿನ ಒಳಮೈಯನ್ನು ಕುತ್ತಿಗೆಗೆ ಉಜ್ಜಿ ನೋಡುವುದು. ಅಂಗೈಗೆ ಉಜ್ಜಿದರೆ ಏನೂ ಗೊತ್ತಾಗುವುದಿಲ್ಲ, ಅಂಗೈ ದಪ್ಪ ಚರ್ಮ. ನಾನು ಸೀರೆಯಂಚು ಕುತ್ತಿಗೆಗೆ ಉಜ್ಜಿಕೊಂಡು ನಿಂತಿದ್ದನ್ನು ನೋಡಿ ಅಂಗಡಿಯ ಹುಡುಗ, "ಸಾರ್, ಸೀರೆ ಯಾರಿಗೆ?" ಅಂದ. ಅಕ್ಕ ನಗು ತಡೆಯಲಾರದೆ ಹೊರಗೆ ಹೋದಳು.

ಬಣ್ಣ ಸೊಸೆಯದೇ ಆಯ್ಕೆ: ಕಡುಗೆಂಪು, ಹಸಿರಂಚು. ದಾವಣಿಗೆ ಎರಡೂವರೆ ಮೀಟರ್ ಸರಳ ಹಸಿರು ಕ್ರೇಪು ತೆಗೆದುಕೊಂಡೆವು. ಬಲೆಯ ದಾವಣಿ ಬೇಡವೇ ಬೇಡ ಅಂದೆ, ಹಳೆಯ ಗೀರು ನೆನಪಿತ್ತು. ಕ್ರೇಪು ಮೈಗೆ ಒರಗಿ ನಿಲ್ಲುತ್ತದೆ, ಹತ್ತು ಪಿನ್ನಿನ ಜಾಗದಲ್ಲಿ ಎರಡು ಸಾಕು.

ಒಳಬಟ್ಟೆ ಆರಿಸುವಾಗ ಅಕ್ಕ ನನ್ನ ಪಕ್ಕಕ್ಕೆ ಕರೆದಳು. "ಲೈನಿಂಗ್ ಬಿಳಿ ಬೇಡ, ಮೆರೂನ್ ಹತ್ತಿ ತಗೋ. ಮೊದ್ಲ ವರ್ಷ ಲೆಕ್ಕ ಸರಿ ಇರಲ್ಲ, ಯಾವಾಗ ಬೇಕಾದ್ರೂ ಬರುತ್ತೆ. ಕಲೆ ಕಂಡೀತು ಅನ್ನೋ ಭಯ ಇದ್ರೆ ಮಗು ಎಂಟು ಗಂಟೆ ಅಲ್ಲಾಡ್ದೆ ಕೂತಿರುತ್ತೆ." ಇಂಥ ಮಾತಿಗೆ ಗಂಡಸರಾದ ನಾವು ಮುಖ ತಿರುಗಿಸುವವರೇ. ಆದರೆ ಬಟ್ಟೆ ತರುವವನು ನಾನು ತಾನೇ? ಮೆರೂನ್ ತೆಗೆದುಕೊಂಡೆ.

ಯಲಹಂಕ ಓಲ್ಡ್ ಟೌನಿನಲ್ಲಿ ಅಕ್ಕನ ಪರಿಚಯದ ಹೆಂಗಸೊಬ್ಬರು ಹೊಲಿಯುತ್ತಾರೆ. ಅಳತೆ ತೆಗೆದವರು ಅವರೇ. ಬಾಡಿ ಮೆತ್ತನೆಯ ಮಲ್ ಬಟ್ಟೆಯಲ್ಲಿ, ಎದೆಗೂಡಿನ ಸುತ್ತ ಎರಡು ಬೆರಳು ಆಡುವಷ್ಟು ಸಡಿಲ, ಹೆಗಲಪಟ್ಟಿ ಎರಡು ಇಂಚು ಅಗಲ. ಪಟ್ಟಿ ಸಣ್ಣದಾದರೆ ದಾರದಂತೆ ಕೊರೆಯುತ್ತದೆ. ಹುಕ್ಕು ಮುಂದಕ್ಕೆ, ಹುಡುಗಿ ತಾನೇ ಹಾಕಿ ತೆಗೆಯುವ ಹಾಗೆ. ಬಾಡಿ ಲಂಗದಲ್ಲಿ ಒಂದು ತೊಂದರೆ ಇದೆ, ಸೊಂಟದ ಕಡೆಯಿಂದ ಉದ್ದ ಮಾಡಲು ಬರುವುದಿಲ್ಲ. ಅದಕ್ಕೆ ಸೀರೆಯ ಅಗಲದಲ್ಲಿ ಮಿಕ್ಕಿದ್ದನ್ನು ಕತ್ತರಿಸದೆ ಅಂಚಿನ ಮೇಲುಗಡೆ ಒಳಮಡಿಕೆ ಹಾಕಿಸಿದೆವು. ಬೆಳೆದ ಹಾಗೆ ಬಿಚ್ಚಿಕೊಳ್ಳಬಹುದು.

ಹೊಲಿದು ಬಂದ ಮೇಲೆ ನನ್ನ ಟ್ರಯಲ್ ಶೋ! ಕನ್ನಡಿ ಮುಂದೆ ನಿಂತು ನೋಡುವುದು ಟ್ರಯಲ್ ಅಲ್ಲ ಮಿತ್ರರೇ. ಅವಳು ನಿಲ್ಲುವುದಕ್ಕಿಂತ ಕೂರುವುದೇ ಹೆಚ್ಚು. ಭಾನುವಾರ ಮಣೆ ಹಾಕಿ ಸೊಸೆಯನ್ನು ಪೂರ್ತಿ ವೇಷದಲ್ಲಿ ಕೂರಿಸಿ ಟಿ.ವಿ.ಯಲ್ಲಿ 1972ರ 'ಬಂಗಾರದ ಮನುಷ್ಯ' ಹಾಕಿದೆ. ಅಕ್ಕನ ಸಂಸಾರಕ್ಕೆ ಹೆಗಲು ಕೊಟ್ಟ ಅಣ್ಣಾವ್ರ ರಾಜೀವಪ್ಪ ಕೂಡ ಸೋದರಮಾವನೇ ಅಲ್ಲವೇ? ಮುಹೂರ್ತಕ್ಕೆ ಸರಿಯಾದ ಚಿತ್ರ!

ಮೊದಲ ಅರ್ಧ ಗಂಟೆ ಎಲ್ಲ ಸುಸೂತ್ರ. ಇಂಟರ್‌ವಲ್ ಹೊತ್ತಿಗೆ ದೋಷಗಳು ಹೊರಬಿದ್ದವು. ಆರತಿ ತಟ್ಟೆ ಮುಟ್ಟಲು ಕೈ ಚಾಚಿದರೆ ರವಿಕೆ ಕಂಕುಳಲ್ಲಿ ಹಿಡಿಯಿತು. ಅಲ್ಲಿ ಚೌಕದ ಸಣ್ಣ ತುಂಡೊಂದನ್ನು ಸೇರಿಸಿದರು, ಸರಿಹೋಯಿತು. ಹಿರಿಯರ ಕಾಲಿಗೆ ಬಿದ್ದು ಏಳುವಾಗ ಲಂಗದ ತುದಿಯನ್ನು ತಾನೇ ತುಳಿದಳು. ನಿಂತಾಗ ನೆಲದಿಂದ ಎರಡು ಬೆರಳು ಮೇಲಿದ್ದದ್ದನ್ನು ನಾಲ್ಕು ಬೆರಳು ಮಾಡಿಸಿದೆವು. ಫೋಟೋಕ್ಕೆ ಪಾದ ಕಾಣುತ್ತದೆ ಅಂತ ಅತ್ತೆಯೊಬ್ಬರು ಮೂಗು ಮುರಿದರು. ಕಾಣಲಿ ಬಿಡಿ, ಕಾಲ್ಗೆಜ್ಜೆ ಇದೆಯಲ್ಲ! ಡಾಬು ಹಾಕಿ ಕೂರಿಸಿದರೆ ಅದು ಹೊಟ್ಟೆಗೆ ಒತ್ತಿತು. ಅದನ್ನು ಫೋಟೋ ಹೊತ್ತಿಗೆ ಮಾತ್ರ ಅಂತ ತೀರ್ಮಾನ. ಚಿತ್ರ ಮುಗಿದ ಮೇಲೆ ಅಕ್ಕ ಒಳಗೆ ಕರೆದುಕೊಂಡು ಹೋಗಿ ನೋಡಿ ಬಂದು, "ಒಂದು ಗುರುತೂ ಇಲ್ಲ ಕಣೋ" ಅಂದಳು. ತಕ್ಕಡಿಗೆ ಹಾಕಿದೆ: ಲಂಗ, ರವಿಕೆ, ದಾವಣಿ ಎಲ್ಲಾ ಸೇರಿ 1 ಕೆ.ಜಿ. 400 ಗ್ರಾಂ. ಮಾಸ್ಟರಿಗೆ ಫೋನಲ್ಲೇ ಸಾಷ್ಟಾಂಗ!

ಆರತಿ ದಿನ ಬೆಳಿಗ್ಗೆ ಎಣ್ಣೆ ನೀರು, ಅರಿಶಿನ ಎಲ್ಲಾ ಹಳೆಯ ಹತ್ತಿ ಬಟ್ಟೆಯಲ್ಲೇ ಮುಗಿಸಿದರು. ರೇಷ್ಮೆಗೆ ಅರಿಶಿನ ಬಿದ್ದರೆ ಹೋಗುವ ಕಲೆಯಲ್ಲ. ಹಸೆಗೆ ಕೂರಿಸಿದ್ದು ಒಂಬತ್ತೂವರೆಗೆ. ಗಂಟೆಗೊಮ್ಮೆ ಅಕ್ಕ ಯಾವುದೋ ನೆಪ ಹೇಳಿ ಎಬ್ಬಿಸಿ ಒಳಗೆ ಕರೆದುಕೊಂಡು ಹೋಗುತ್ತಿದ್ದಳು. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡ ಬೀಗರಿಗೆ ಕಾದು ಕಡೆಯ ಆರತಿ ಎತ್ತುವಾಗ ಮೂರು ಗಂಟೆ. ಹುಡುಗಿ ಬಾಡಿರಲಿಲ್ಲ. ಊಟದ ಪಂಕ್ತಿಗೆ ಎಲ್ಲರಿಗಿಂತ ಮೊದಲು ಓಡಿದ್ದು ಅವಳೇ, ದಾವಣಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡು ಹೋಳಿಗೆ ಹಾಕಿಸಿಕೊಂಡಳು.

ನಾನು ಕೈ ತೊಳೆಯಲು ಹೋದಾಗ ದೊಡ್ಡ ಸೊಸೆ ಅಲ್ಲಿ ನಿಂತಿದ್ದಳು. ಈಗ ಅವಳು ಹದಿನಾರರ ಹುಡುಗಿ.

"ಚೆನ್ನಾಗಿದೆ ಮಾಮ," ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತು ನನ್ನೂ ಅಂಗಡಿಗೆ ಕರ್ಕೊಂಡು ಹೋಗಿದ್ರೆ ನಾನೇ ಹೇಳ್ತಿದ್ದೆ" ಅಂದಳು.

ನಾನು ನಲ್ಲಿ ತಿರುಗಿಸಿ ಇನ್ನೊಮ್ಮೆ ಕೈ ತೊಳೆದುಕೊಂಡೆ.