ಹಳೆಯ ಟ್ರಾಕ್ಟರ್ ಕೊಳ್ಳುವ ಮುನ್ನ ಕೇಳಬೇಕಾದ ಮೂರು ಮಾತು

ಎತ್ತು ಕೊಳ್ಳುವಾಗ ನಮ್ಮ ಹಿರಿಯರು ಅದರ ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದರು, ಮೈಮೇಲಿನ ಸುಳಿ ನೋಡುತ್ತಿದ್ದರು, ಹತ್ತು ಹೆಜ್ಜೆ ನಡೆಸಿ ಕಾಲಿಡುವ ಬಗೆಯನ್ನು ಗಮನಿಸುತ್ತಿದ್ದರು. ಆ ಮೇಲೆ ದಲ್ಲಾಳಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತಿದ್ದ. ಟ್ರಾಕ್ಟರಿಗೆ ಹಲ್ಲಿಲ್ಲ. ಅದರ ವಯಸ್ಸನ್ನೂ ಒಡೆತನವನ್ನೂ ಕಾಗದ ಹೇಳುತ್ತದೆ, ದುಡಿದ ಗಂಟೆಗಳನ್ನು ಒಂದು ಮೀಟರ್ ಹೇಳುತ್ತದೆ, ಮಾರುವ ಕಾರಣವನ್ನು ಮಾರುವವನ ಬಾಯಿ ಹೇಳುತ್ತದೆ. ಈ ಮೂರು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದೇ ಕೊಳ್ಳುವವನ ಕೆಲಸ.

ನಮ್ಮ ಮಾಧವರಂ ತುಂಗಭದ್ರೆಯ ದಂಡೆಯ ಊರು. ಸೇತುವೆ ದಾಟಿದರೆ ರಾಯಚೂರು ಜಿಲ್ಲೆ. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಆದರೆ ನೆಂಟಸ್ತಿಕೆಗಳು ಆ ಗೆರೆಯನ್ನು ಲೆಕ್ಕಿಸಲಿಲ್ಲ. ಹೆಣ್ಣು ತರುವುದೂ ಕೊಡುವುದೂ ನದಿಯ ಆಚೆಗೆ ನಡೆದೇ ಇದೆ. ಆದಕಾರಣ ಮಾರಾಟದ ಸುದ್ದಿಗಳೂ ಅಲ್ಲಿಂದಲೇ ಬರುತ್ತವೆ. ನನ್ನ ಸೋದರಳಿಯನಿಗೆ ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯಿಂದ ಅಂತಹ ಸುದ್ದಿ ಬಂದದ್ದು 2024ರ ಜೂನಿನಲ್ಲಿ. 2014ರ ಟ್ರಾಕ್ಟರ್, ಹತ್ತು ವರ್ಷದ್ದು, ಬೆಲೆ 2,90,000 ರೂಪಾಯಿ. "ಮೀಟರ್ 3,100 ಗಂಟೆ ತೋರಿಸುತ್ತದೆ ಮಾಮಾ, ಅಗ್ಗವಾಯಿತಲ್ಲ" ಎಂದು ಅವನು ಹಿಗ್ಗಿದ್ದ. ಅವನೊಡನೆ ನಾನೂ ಹೊರಟೆ.

ಮೊದಲ ಮಾತು ಒಡೆತನದ್ದು. "ಇದು ನಿಮ್ಮದೇನು?" ಎಂದು ಕೇಳಿದರೆ ಯಾರೂ ಹೌದೆಂದೇ ಹೇಳುತ್ತಾರೆ, ಅದು ಸುಳ್ಳೂ ಆಗಿರಬೇಕಿಲ್ಲ. ಕೇಳಬೇಕಾದದ್ದು, "ಆರ್.ಸಿ.ಯಲ್ಲಿ ಯಾರ ಹೆಸರಿದೆ? ನೀವು ಎಷ್ಟನೆಯ ಒಡೆಯರು? ಸಾಲದ ಮೇಲೆ ತಂದದ್ದೋ?" ಎಂದು. ಈ ಮನೆಯ ಆರ್.ಸಿ.ಯಲ್ಲಿದ್ದ ಹೆಸರು ಮಾರುವವರದಲ್ಲ, ಎರಡು ವರ್ಷದ ಹಿಂದೆ ತೀರಿಕೊಂಡ ಅವರ ತಂದೆಯದು. ಮಕ್ಕಳು ಮೂವರು, ನಮ್ಮೊಡನೆ ಮಾತಿಗೆ ಕುಳಿತವರು ನಡುವಿನವರು. ಆರ್.ಸಿ.ಯಲ್ಲಿ ಬ್ಯಾಂಕಿನ ಅಡಮಾನದ ನಮೂದೂ ಹಾಗೆಯೇ ಉಳಿದಿತ್ತು. "ಸಾಲ ಎಂದೋ ತೀರಿಸಿದ್ದೇವೆ ಅಣ್ಣಾ" ಎಂದರು ಅವರು. ತೀರಿಸಿದ್ದು ನಿಜವಿರಬಹುದು, ಆದರೆ ನಮೂದು ತೆಗೆಸುವವರೆಗೆ ಕಾನೂನಿನ ಕಣ್ಣಿನಲ್ಲಿ ಬ್ಯಾಂಕಿನ ಹಕ್ಕು ಉಳಿದೇ ಇರುತ್ತದೆ. ಬ್ಯಾಂಕಿನ ಒಪ್ಪಿಗೆಯಿಲ್ಲದೆ ಹೆಸರು ಬದಲಾಗದು.

ಇಲ್ಲಿ ಕಾಗದಗಳ ಸರಣಿಯನ್ನು ಒಮ್ಮೆ ಹೇಳಿಬಿಡುತ್ತೇನೆ, ಏಕೆಂದರೆ ಸರಣಿ ತಪ್ಪಿದರೆ ಕೆಲಸ ನಿಲ್ಲುತ್ತದೆ. ಒಡೆಯ ತೀರಿಕೊಂಡಿದ್ದರೆ ಮೊದಲು ವಾರಸುದಾರರಲ್ಲಿ ಒಬ್ಬರ ಹೆಸರಿಗೆ 31ನೆಯ ನಮೂನೆಯಲ್ಲಿ ವರ್ಗಾವಣೆಯಾಗಬೇಕು; ಉಳಿದ ವಾರಸುದಾರರು ಒಪ್ಪಿ ಬರೆದುಕೊಡಬೇಕು. ಅಡಮಾನ ತೆಗೆಸಲು ಬ್ಯಾಂಕು ಸಹಿ ಮಾಡಿದ 35ನೆಯ ನಮೂನೆ ಬೇಕು. ಗಾಡಿ ರಾಜ್ಯದ ಗಡಿ ದಾಟುವುದಾದ್ದರಿಂದ ರಾಯಚೂರಿನ ಸಾರಿಗೆ ಕಚೇರಿಯಿಂದ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರ ಬೇಕು. ಮಾರುವವರು, ಕೊಳ್ಳುವವರು ಸಹಿ ಹಾಕುವ 29 ಮತ್ತು 30ನೆಯ ನಮೂನೆಗಳು ಆ ಮೇಲಿನವು. ಹೊರರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗೆ ಮೀರಿ ಇಲ್ಲಿಯೇ ಇಟ್ಟುಕೊಳ್ಳುವುದಾದರೆ ಇಲ್ಲಿನ ನಂಬರ್ ಪಡೆಯಬೇಕು. ಟ್ರೇಲರ್ ಕೂಡ ಕೊಡುವುದಾದರೆ ಅದಕ್ಕೆ ಬೇರೆಯೇ ನಂಬರ್, ಬೇರೆಯೇ ಆರ್.ಸಿ. ಇರುತ್ತದೆ, ಅದನ್ನೂ ಕೇಳಿ ನೋಡಬೇಕು. ಆರ್.ಸಿ.ಯಲ್ಲಿ ಬರೆದ ಇಂಜಿನ್ ಮತ್ತು ಚಾಸಿ ನಂಬರುಗಳನ್ನು ಕಬ್ಬಿಣದ ಮೇಲೆ ಕೊರೆದ ಅಂಕಿಗಳೊಡನೆ ಒಂದೊಂದಾಗಿ ಹೋಲಿಸಿದೆವು. ಅವು ಹೊಂದಿದವು.

ಎರಡನೆಯ ಮಾತು ದುಡಿತದ್ದು. ಮೀಟರ್ ನೋಡುವ ಮುಂಚೆಯೇ ಕೇಳಿದೆ: "ನಿಮಗೆ ಹೊಲ ಎಷ್ಟು? ಎರೆಹೊಲವೋ, ಗದ್ದೆಯೋ? ಬಾಡಿಗೆಗೆ ಹೋಗುತ್ತದೆಯೇ? ಹೋದರೆ ವರ್ಷಕ್ಕೆ ಎಷ್ಟು ದಿನ?" ನಮ್ಮ ಕಡೆ ಹತ್ತಿ ಬೆಳೆವ ಎರೆಹೊಲದಲ್ಲಿ ಟ್ರಾಕ್ಟರ್ ಒಣ ನೆಲದ ಮೇಲೆ ಕುಂಟೆ, ನೇಗಿಲು ಎಳೆಯುತ್ತದೆ. ಮಾನ್ವಿ, ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುತ್ತದೆ. ಅಲ್ಲಿ ಭತ್ತದ ಗದ್ದೆಯನ್ನು ಕೆಸರು ಮಾಡುವ ಕೆಲಸ. ಹಿಂದಿನ ಗಾಲಿಗಳಿಗೆ ಕಬ್ಬಿಣದ ಕೇಜ್ ವೀಲ್ ಬಿಗಿದು, ಅಚ್ಚಿನ ಮಟ್ಟದ ಕೆಸರುನೀರಿನಲ್ಲಿ ಗಂಟೆಗಟ್ಟಲೆ ನಡೆಸುತ್ತಾರೆ. ಒಂದೇ ಕಂಪನಿಯ, ಒಂದೇ ವರ್ಷದ ಎರಡು ಟ್ರಾಕ್ಟರುಗಳಲ್ಲಿ ಒಂದು ಒಣಹೊಲದ್ದು, ಇನ್ನೊಂದು ಕೆಸರುಗದ್ದೆಯದಾದರೆ ಅವು ಒಂದೇ ಬೆಲೆಯವಲ್ಲ. ಕೆಸರು ಸೀಲುಗಳನ್ನು ತಿನ್ನುತ್ತದೆ, ಸವೆದ ಸೀಲಿನಿಂದ ನೀರು ಗೇರ್ ಎಣ್ಣೆಗೆ ಇಳಿಯುತ್ತದೆ, ಮುಂದಿನ ಗಾಲಿಯ ಬೇರಿಂಗ್ ಕೆಡುತ್ತದೆ.

ಅವರ ಉತ್ತರ ಹೀಗಿತ್ತು: ಮುಂಗಾರು ಬೆಳೆಗೆ ನಲವತ್ತು ದಿನ, ಬೇಸಿಗೆ ಬೆಳೆಗೆ ಇಪ್ಪತ್ತೈದು ದಿನ, ದಿನಕ್ಕೆ ಹತ್ತು ಗಂಟೆ. ಎಂದರೆ ವರ್ಷಕ್ಕೆ 650 ಗಂಟೆ. ಹತ್ತು ವರ್ಷಕ್ಕೆ 6,500 ಆಗಬೇಕು, ಮೀಟರ್ ಮಾತ್ರ 3,100 ಎನ್ನುತ್ತದೆ. ಹಳೆಯ ಮಾದರಿಯ ಮೀಟರ್ ಇಂಜಿನ್ನಿನ ಸುತ್ತುಗಳನ್ನು ಎಣಿಸುತ್ತದೆಯೇ ಹೊರತು ಗಡಿಯಾರದ ಗಂಟೆಯನ್ನಲ್ಲ; ಇಂಜಿನ್ ನಿಗದಿಯ ವೇಗದ ಮುಕ್ಕಾಲರಲ್ಲಿ ಓಡಿದರೆ ಒಂದು ಗಂಟೆ ಅದರಲ್ಲಿ ಮುಕ್ಕಾಲು ಗಂಟೆಯಾಗಿ ಕಾಣುತ್ತದೆ. ಆ ರಿಯಾಯಿತಿಯನ್ನು ಪೂರ್ತಿ ಕೊಟ್ಟರೂ 4,900ರ ಸುಮಾರಿಗೆ ಬರಬೇಕು. ಲೆಕ್ಕ ಕೂಡಲಿಲ್ಲ. ಆದರೆ ಲೆಕ್ಕ ಕೂಡದ ಮಾತ್ರಕ್ಕೆ ಎದುರಿನವನನ್ನು ಸುಳ್ಳುಗಾರನೆನ್ನಬಾರದು; ಇನ್ನೊಬ್ಬರನ್ನು ಕೇಳಬೇಕು.

ಆ ಮನೆಯಲ್ಲಿ ಇನ್ನೊಬ್ಬರೆಂದರೆ ತೀರಿಕೊಂಡ ಯಜಮಾನರ ಹೆಂಡತಿ. ನೀರು ತಂದಿಟ್ಟು ಬಾಗಿಲಲ್ಲಿ ನಿಂತಿದ್ದರು. "ಅಮ್ಮಾ, ಯಜಮಾನರು ಇದನ್ನು ಬಾಡಿಗೆಗೆ ಬಿಡುತ್ತಿದ್ದರೇ?" ಎಂದು ಕೇಳಿದೆ. "ಎಲ್ಲಿಯ ಬಾಡಿಗೆ! ಸ್ವಂತ ಹನ್ನೆರಡು ಎಕರೆ, ಅಣ್ಣತಮ್ಮಂದಿರದೊಂದಿಷ್ಟು. ಗದ್ದೆಯಿಂದ ಬಂದರೆ ತೊಳೆಯದೆ ಒಳಗೆ ತರುತ್ತಿರಲಿಲ್ಲ. ಅವರು ಹೋದ ಮೇಲೆ ಸಂಬಳದ ಡ್ರೈವರ್ ಬಂದ, ಊರೆಲ್ಲ ಓಡಿಸಿದ. ಆ ವರ್ಷವೇ ಮೀಟರಿನ ಕೇಬಲ್ ಹರಿದದ್ದು" ಎಂದರು. ಮಗ ತಲೆ ತಗ್ಗಿಸಿದರು, ಆದರೆ ಅಲ್ಲಗಳೆಯಲಿಲ್ಲ. ಎಲ್ಲವೂ ಅಲ್ಲಿಗೆ ಹೊಂದಿತು. ಎಂಟು ವರ್ಷದಲ್ಲಿ 3,100, ಅಂದರೆ ವರ್ಷಕ್ಕೆ 390ರ ಸುಮಾರು. ಮೀಟರ್ ನಿಂತ ಎರಡು ವರ್ಷದಲ್ಲಿ 1,300. ಒಟ್ಟು ಸುಮಾರು 4,400 ಗಂಟೆ. ಟ್ರಾಕ್ಟರಿನ ಆಯುಸ್ಸನ್ನು ಹತ್ತು ಸಾವಿರ ಗಂಟೆಯೆಂದು ಹಿಡಿದು ಲೆಕ್ಕ ಮಾಡುವುದು ವಾಡಿಕೆ. ಆ ಪ್ರಕಾರ ಇದು ಕೊಳ್ಳಲು ಅಯೋಗ್ಯವಾದುದೇನಲ್ಲ. ಆದರೆ ಕೊನೆಯ ಎರಡು ವರ್ಷದ ಕೆಸರು ಎಲ್ಲಿ ಕುಳಿತಿದೆಯೆಂದು ನೋಡಲೇಬೇಕಾಗಿತ್ತು.

ಅದನ್ನು ನೋಡಲು ಮರುದಿನ ಬೆಳಗಿನ ಜಾವ ಹೋದೆವು. ನಾವು ಬರುವವರೆಗೆ ಚಾಲೂ ಮಾಡಬಾರದೆಂದು ಹಿಂದಿನ ದಿನವೇ ಕೇಳಿಕೊಂಡಿದ್ದೆವು. ಕಾಯಿಸಿಟ್ಟ ಇಂಜಿನ್ ತನ್ನ ರೋಗ ಮುಚ್ಚಿಡುತ್ತದೆ. ಬಾನೆಟ್ ಮುಟ್ಟಿ ತಣ್ಣಗಿದೆಯೇ ಎಂದು ಮೊದಲು ನೋಡಬೇಕು. ರಾತ್ರಿಯೆಲ್ಲ ನಿಂತ ಗಾಡಿಯ ಗೇರ್ ಪೆಟ್ಟಿಗೆಯಲ್ಲಿ ಎಣ್ಣೆಗಿಂತ ಭಾರವಾದ ನೀರು ತಳಕ್ಕೆ ಇಳಿದಿರುತ್ತದೆ. ನಮ್ಮ ಮೆಕ್ಯಾನಿಕ್ ತಳದ ಡ್ರೈನ್ ಬೋಲ್ಟನ್ನು ಸ್ವಲ್ಪವೇ ಸಡಿಲಿಸಿದ. ಮೊದಲು ನಾಲ್ಕಾರು ಹನಿ ನೀರು, ಆ ಮೇಲೆ ಹಾಲು ಬೆರೆಸಿದಂತಹ ಬಿಳಿಚಿದ ಎಣ್ಣೆ ಬಂತು. ಮುಂದಿನ ಅಚ್ಚನ್ನು ಜಾಕಿಯ ಮೇಲೆ ಎತ್ತಿ, ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಎಡಗಾಲಿ ಸಡಿಲವಾಗಿ ಆಡಿತು. ಇಂಜಿನ್ ಮಾತ್ರ ಮೊದಲ ಹೊಡೆತಕ್ಕೇ ಎದ್ದಿತು. ಬಿಸಿಯಾದ ಮೇಲೆ ಎಣ್ಣೆ ಹಾಕುವ ಮುಚ್ಚಳ ತೆಗೆದು ನೋಡಿದರೆ ಹೊಗೆಯ ಉಸಿರು ಬರಲಿಲ್ಲ. ಸೀಲು, ಬೇರಿಂಗ್, ಹೊಸ ಎಣ್ಣೆ, ಕೂಲಿ ಸೇರಿ 28,000 ರೂಪಾಯಿಯ ಅಂದಾಜಾಯಿತು.

ಮೂರನೆಯ ಮಾತು, "ಏಕೆ ಮಾರುತ್ತೀರಿ?" ಎಂಬುದು. ಇದನ್ನು ಕೊನೆಗೆ ಕೇಳುವುದೇ ಒಳ್ಳೆಯದು, ಏಕೆಂದರೆ ಮೊದಲ ಎರಡರ ಉತ್ತರ ತಿಳಿದಿದ್ದರೆ ಮಾತ್ರ ಇದನ್ನು ತೂಗಬಹುದು. ಕಾಲುವೆಗೆ ನೀರು ಬಿಡುವ ಕಾಲ ಹತ್ತಿರವಿರುವಾಗ, ದುಡಿಯುವ ಟ್ರಾಕ್ಟರನ್ನು ಯಾರೂ ಸುಮ್ಮನೆ ಮಾರುವುದಿಲ್ಲ. "ನಡೆಸುವವರಿಲ್ಲ" ಎಂಬುದು ಅವರ ಮೊದಲ ಉತ್ತರ. "ಹಾಗಾದರೆ ಈ ವರ್ಷ ನಿಮ್ಮ ಗದ್ದೆ ಯಾರು ಉಳುತ್ತಾರೆ?" ಎಂದು ಕೇಳಿದೆ. ಈ ಎರಡನೆಯ ಪ್ರಶ್ನೆಯೇ ಮುಖ್ಯವಾದುದು. ಟ್ರಾಕ್ಟರ್ ಹೋದ ಮೇಲೆ ಆ ಕೆಲಸ ಹೇಗೆ ನಡೆಯುತ್ತದೆ ಎಂಬುದಕ್ಕೆ ಉತ್ತರವಿದ್ದರೆ ಕಾರಣ ನಿಜವಾದುದು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದರು: "ಪಾಲಾಗುತ್ತಿದ್ದೇವೆ ಅಣ್ಣಾ. ಹೊಲ ಮೂರು ಪಾಲಾಗುತ್ತದೆ, ಇದನ್ನು ಮೂರು ಮಾಡಲಾಗುವುದಿಲ್ಲ." ಯಂತ್ರ ಕೆಟ್ಟು ಮಾರುತ್ತಿಲ್ಲವೆಂದು ಅದರಿಂದ ತಿಳಿಯಿತು. ಜೊತೆಗೆ, ಮೂವರು ಮಕ್ಕಳು ಮತ್ತು ಆ ತಾಯಿ, ನಾಲ್ವರ ಸಹಿಯಿಲ್ಲದೆ ಹಣ ಕೊಡಬಾರದೆಂಬುದೂ ತಿಳಿಯಿತು. ಪಾಲಿನ ಮನೆಯಲ್ಲಿ ಒಬ್ಬನಿಗೆ ಕೊಟ್ಟ ಹಣಕ್ಕೆ ಉಳಿದವರು ಹೊಣೆಯಾಗುವುದಿಲ್ಲ.

2,55,000ಕ್ಕೆ ಮಾತಾಯಿತು. ಹತ್ತು ಸಾವಿರ ಮುಂಗಡ. ಅದಕ್ಕೆ ನಾಲ್ವರೂ ಸಹಿ ಹಾಕಿದ ಕರಾರು. ಹಿರಿಯ ಮಗನ ಹೆಸರಿಗೆ ಆರ್.ಸಿ. ಆಗಿ, ಬ್ಯಾಂಕಿನ ನಮೂದು ಹೋಗಿ, ನಿರಾಕ್ಷೇಪಣಾ ಪತ್ರ ಕೈಗೆ ಬರುವವರೆಗೆ ಟ್ರಾಕ್ಟರ್ ಅವರ ಅಂಗಳದಲ್ಲಿಯೇ ಇರತಕ್ಕದ್ದೆಂದು ಅದರಲ್ಲಿ ಬರೆಸಿದೆವು. ಮೂರು ತಿಂಗಳು ಹಿಡಿಯಿತು. ಅಳಿಯನಿಗೆ ಆ ವರ್ಷದ ಬಿತ್ತನೆಗೆ ಬಾಡಿಗೆ ಟ್ರಾಕ್ಟರೇ ಗತಿಯಾಯಿತು, ಅವನು ಗೊಣಗಿದ. ಆದರೆ ಅಷ್ಟರೊಳಗೆ ಗಾಡಿ ತಂದು ಓಡಿಸಿ ಯಾರಿಗಾದರೂ ಬಡಿದಿದ್ದರೆ, ಕಾಗದದ ಪ್ರಕಾರ ಒಡೆಯ ಸತ್ತವರಾಗಿರುತ್ತಿದ್ದರು.

ಮಾರುವವರಿಗೂ ಇದರಲ್ಲಿ ಹಿತವಿದೆ. ಮಾರಿ ಹಣ ಎಣಿಸಿಕೊಂಡ ಮೇಲೂ ಆರ್.ಸಿ.ಯಲ್ಲಿ ಹೆಸರಿರುವವರೆಗೆ ಅಪಘಾತದ ಪರಿಹಾರಕ್ಕೆ ಅವರೇ ಒಡೆಯರೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿದೆ. ಮಾರಿದ್ದನ್ನು ಮಾರುವವರು ರಾಜ್ಯದೊಳಗಾದರೆ ಹದಿನಾಲ್ಕು ದಿನದೊಳಗೆ, ಹೊರರಾಜ್ಯಕ್ಕಾದರೆ ನಲವತ್ತೈದು ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಕೊಂಡವರಿಗೆ ಮೂವತ್ತು ದಿನದ ಅವಧಿ. ನಾವು ಗಾಡಿ ತರುವ ದಿನ ರಸೀದಿಯ ಮೇಲೆ ತಾರೀಖಿನೊಡನೆ ಗಂಟೆಯನ್ನೂ ಬರೆದುಕೊಂಡೆವು, ಬೆಳಿಗ್ಗೆ 10-40 ಎಂದು. ಆ ತಾಯಿ ಟ್ರಾಕ್ಟರನ್ನು ಹಿಂದಿನ ಸಂಜೆಯೇ ತೊಳೆಸಿಟ್ಟಿದ್ದರು.