ಉಂಡ ಕೂಡಲೇ

ಇವತ್ತು ಬೆಳಿಗ್ಗೆ ಅಮೃತೂರಿನಲ್ಲಿ ಕುಣಿಗಲ್ ಬಸ್ಸಿಗೆ ಕಾಯುತ್ತಾ ಕೂತಿದ್ದಾಗ ಕಿವಿಗೆ ಬಿದ್ದ ಮಾತೊಂದು ಇನ್ನೂ ತಲೆಯಿಂದ ಇಳಿದಿಲ್ಲ. ಪಕ್ಕದಲ್ಲಿ ಎಳೆಯ ವಯಸ್ಸಿನ ತಾಯಿಯೊಬ್ಬಳು ಸೆರಗಿನ ಮರೆಯಲ್ಲಿ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಕುಡಿಯುತ್ತಿದ್ದ ಮಗು ಮುಖ ಕೆಂಪಗೆ ಮಾಡಿ, ಕಾಲು ಮಡಚಿ, ಅಲ್ಲೇ ಕಕ್ಕ ಮಾಡಿಕೊಂಡಿತು. ಬಟ್ಟೆ ಬಿಚ್ಚಿದರೆ ತೆಳ್ಳನೆಯ ಹಳದಿ, ನಡುನಡುವೆ ಸಣ್ಣ ಕಾಳುಗಳು. ಜೊತೆಗಿದ್ದ ಹಿರಿಯಾಕೆ ನೋಡಿ, “ಕುಡಿದಿದ್ದು ಹೊಟ್ಟೇಲಿ ನಿಲ್ತಾನೇ ಇಲ್ಲ ಕಣವ್ವ, ಹಂಗೇ ಹೋಗ್ತಾ ಐತೆ. ಹಾಲು ಕಮ್ಮಿ ಮಾಡು, ಸಕ್ಕರೆ ನೀರು ಕುಡ್ಸು” ಅಂದರು. ಆ ಹುಡುಗಿ “ಹೂಂ ಅತ್ತೆ” ಅಂದಳು. ಅಷ್ಟರಲ್ಲಿ ಬಸ್ಸು ಬಂತು.

ಅತ್ತೆಯ ಕಾಳಜಿಯಲ್ಲಿ ಕಪಟವಿರಲಿಲ್ಲ. ಆದರೂ ಬಸ್ಸು ಹೊರಟ ಮೇಲೂ ನನಗೆ ಸಂಕಟ ಹೋಗಲಿಲ್ಲ. ನಮ್ಮ ಕಡೆ ದೊಡ್ಡವರ ವಿಷಯದಲ್ಲೂ ಇದೇ ನಂಬಿಕೆ. ಊಟ ಮಾಡಿ ಕೈ ತೊಳೆಯುವಷ್ಟರಲ್ಲಿ ಹೊರಗೆ ಓಡುವವನನ್ನು ಕಂಡರೆ, ಅವನಿಗೆ ತಿಂದದ್ದು ಮೈಗೆ ಹತ್ತುವುದಿಲ್ಲ ಅನ್ನುತ್ತೇವೆ. ಈಗ ತಿಂದ ಮುದ್ದೆಯೇ ಹೊರಗೆ ಹೋಯಿತೆಂದು ಅವನೂ ನಂಬುತ್ತಾನೆ.

ಈಗ ತಿಂದದ್ದು ಹೋಗುವುದಿಲ್ಲ. ಪರೀಕ್ಷೆ ಮಾಡಿ ನೋಡಬೇಕೆಂದರೆ ಮುಸುಕಿನ ಜೋಳವೇ ಸಾಕು, ಅದರ ಸಿಪ್ಪೆ ಅರಗದೆ ಹಾಗೇ ಬರುತ್ತದೆ. ಭಾನುವಾರ ರಾತ್ರಿ ಎಂಟಕ್ಕೆ ಬೇಯಿಸಿದ ಜೋಳ ತಿಂದಿರಿ ಅನ್ನಿ. ಅದು ಹೊಟ್ಟೆ ಬಿಡಲು ಮೂರು ನಾಲ್ಕು ಗಂಟೆ ಬೇಕು, ಸಣ್ಣ ಕರುಳನ್ನು ದಾಟಲು ಇನ್ನೂ ನಾಲ್ಕಾರು ಗಂಟೆ. ಸೋಮವಾರ ಬೆಳಿಗ್ಗೆ ನೀವು ಇಡ್ಲಿ ತಿಂದು ಎದ್ದು ಅವಸರವಾಗಿ ಹೋಗುವ ಹೊತ್ತಿಗೆ ಆ ಜೋಳ ದೊಡ್ಡ ಕರುಳಿನ ಬಾಗಿಲಿಗೆ ಬಂದಿದ್ದರೆ ಹೆಚ್ಚು. ಸಾಮಾನ್ಯವಾಗಿ ಸಿಪ್ಪೆ ಕಾಣುವುದು ಮಂಗಳವಾರ, ಕೆಲವರಿಗೆ ಬುಧವಾರ. ಹಾಗಾದರೆ ಸೋಮವಾರ ಇಡ್ಲಿ ತಿಂದ ಮೇಲೆ ಹೋದದ್ದು ಶನಿವಾರದ್ದೋ ಭಾನುವಾರ ಮಧ್ಯಾಹ್ನದ್ದೋ ಊಟದ ಶೇಷ. ಇಡ್ಲಿ ಹೊಟ್ಟೆಯಲ್ಲೇ ಇತ್ತು.

ಇಡ್ಲಿ ಮಾಡಿದ ಕೆಲಸ ಬೇರೆ. ಹೊಟ್ಟೆ ಹಿಗ್ಗಿದ ಕೂಡಲೇ ನರಗಳ ಮೂಲಕ ದೊಡ್ಡ ಕರುಳಿಗೆ ಸುದ್ದಿ ಹೋಗುತ್ತದೆ. ಊಟದಲ್ಲಿ ಎಣ್ಣೆ ತುಪ್ಪ ಇದ್ದು ಅದು ಸಣ್ಣ ಕರುಳನ್ನು ಮುಟ್ಟಿದರೆ ರಕ್ತಕ್ಕೆ ಹಾರ್ಮೋನು ಸೇರಿ ಅದೇ ಸುದ್ದಿಯನ್ನು ಇನ್ನಷ್ಟು ಜೋರು ಮಾಡುತ್ತದೆ. ಅದಕ್ಕೇ ಖಾಲಿ ಇಡ್ಲಿಗಿಂತ ಬೆಣ್ಣೆ ದೋಸೆ ಜೋರಾಗಿ ಎಬ್ಬಿಸುತ್ತದೆ. ಕಾಫಿಗೂ ಆ ಗುಣ ಇದೆ. ದೊಡ್ಡ ಕರುಳು ದಿನದ ಬಹುಪಾಲು ನಿಧಾನವಾಗಿ ಕಲಸುತ್ತಾ, ನೀರು ಹೀರುತ್ತಾ ಇರುತ್ತದೆ. ದಿನಕ್ಕೆ ಕೆಲವೇ ಸಲ ಅದು ಜೋರಾಗಿ ಹಿಂಡಿ ಇರುವುದನ್ನೆಲ್ಲ ಮುಂದಕ್ಕೆ ನೂಕುತ್ತದೆ. ಬೆಳಿಗ್ಗೆ ಎದ್ದಾಗ ಮತ್ತು ಉಂಡ ಮೇಲೆ ಹೀಗಾಗುವುದು ಹೆಚ್ಚು. ಎರಡೂ ಕೂಡಿ ಬರುವುದು ಬೆಳಗಿನ ತಿಂಡಿಯ ಹೊತ್ತಿನಲ್ಲಿ. 1909ರಲ್ಲಿ ವಿಯೆನ್ನಾದ ಹೋಲ್ಟ್‌ಸ್‌ಕ್ನೆಖ್ಟ್ ಎಂಬ ಎಕ್ಸ್‌ರೇ ವೈದ್ಯ ಈ ನೂಕನ್ನು ಕಂಡ, ಕೆಲವೇ ಸೆಕೆಂಡುಗಳಲ್ಲಿ ಮುಗಿದುಹೋಗುವಂಥದ್ದು. 1913ರಲ್ಲಿ ಲಂಡನ್ನಿನ ಹರ್ಟ್ಸ್ ಮತ್ತು ನ್ಯೂಟನ್ ಉಣ್ಣುವುದಕ್ಕೂ ದೊಡ್ಡ ಕರುಳಿನ ಈ ಚಲನೆಗೂ ನಂಟಿದೆ ಎಂದು ಬರೆದರು. ಗ್ಯಾಸ್ಟ್ರೋಕೋಲಿಕ್ ರಿಫ್ಲೆಕ್ಸ್ ಎಂದು ವೈದ್ಯರು ಹೇಳುವುದು ಇದನ್ನೇ.

ಎಳೆ ಮಕ್ಕಳಲ್ಲಿ ಇದು ಬಲವಾಗಿರುತ್ತದೆ, ತಡೆದುಕೊಳ್ಳುವ ಹಿಡಿತ ಇನ್ನೂ ಬಂದಿರುವುದಿಲ್ಲ. ಮೊದಲ ಕೆಲವು ವಾರ ಪ್ರತಿ ಸಲ ಹಾಲು ಕುಡಿದಾಗಲೂ ಕಕ್ಕ ಮಾಡುವ ಮಗು ಆರೋಗ್ಯವಾಗಿಯೇ ಇರುತ್ತದೆ. ಹಾಲು ಮೈಗೆ ಹತ್ತುತ್ತಿದೆಯೋ ಇಲ್ಲವೋ ತಿಳಿಯಲು ಕಕ್ಕ ಎಣಿಸಬಾರದು, ಉಚ್ಚೆ ಎಣಿಸಬೇಕು, ತೂಕ ನೋಡಬೇಕು. ಹುಟ್ಟಿ ಒಂದು ವಾರವಾದ ಮೇಲೆ ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆಯಾಗುತ್ತಿದ್ದರೆ, ಅಂಗನವಾಡಿಯ ತಕ್ಕಡಿ ವಾರವಾರಕ್ಕೂ ಮೇಲೇರುತ್ತಿದ್ದರೆ, ಹಾಲು ಸಾಲುತ್ತಿದೆ. ಉಚ್ಚೆ ಕಡಿಮೆಯಾದರೆ, ಕಣ್ಣು ಗುಳಿಬಿದ್ದರೆ, ಕಕ್ಕದಲ್ಲಿ ರಕ್ತ ಕಂಡರೆ, ಅಥವಾ ಇದ್ದಕ್ಕಿದ್ದ ಹಾಗೆ ಮೊದಲಿಗಿಂತ ಬಹಳ ನೀರಾಗಿ ಪದೇ ಪದೇ ಆಗತೊಡಗಿದರೆ ಆಸ್ಪತ್ರೆಗೆ ಓಡಬೇಕು. ಆಗಲೂ ಎದೆಹಾಲು ನಿಲ್ಲಿಸುವಂತಿಲ್ಲ. ಆರು ತಿಂಗಳವರೆಗೆ ಸಕ್ಕರೆ ನೀರಂತೂ ಬೇಡವೇ ಬೇಡ. ಅದರಿಂದ ಹೊಟ್ಟೆ ತುಂಬಿ ಹಾಲು ಕುಡಿಯುವುದು ತಗ್ಗುತ್ತದೆ, ಕೊಳೆ ನೀರಾದರೆ ನಿಜವಾದ ಭೇದಿಯೇ ಶುರುವಾಗುತ್ತದೆ. ಈ ಮಾತನ್ನು ಆ ಹುಡುಗಿಯ ಕಿವಿಗೆ ಹಾಕಲು ಆಶಾ ಕಾರ್ಯಕರ್ತೆಯೊಬ್ಬರು ಅವಳ ಮನೆಗೆ ಹೋಗಲಿ.

ದೊಡ್ಡವರ ವಿಷಯ ಬೇಗ ಹೇಳಿಬಿಡುತ್ತೇನೆ. ಕೆಲವರ ಕರುಳು ಈ ಸುದ್ದಿಗೆ ಅತಿಯಾಗಿ ಸ್ಪಂದಿಸುತ್ತದೆ. ಹೊಟ್ಟೆ ನುಲಿದು ಅವಸರವಾಗುತ್ತದೆ, ಹೋಗಿ ಬಂದರೆ ಹಗುರ. ವರ್ಷಗಟ್ಟಲೆ ಹಾಗೇ ಇದ್ದು ತೂಕ ಇಳಿಯದಿದ್ದರೆ ಹೆಚ್ಚಾಗಿ ಅಪಾಯವಿಲ್ಲ. ರಕ್ತ ಬಿದ್ದರೆ, ಮೈ ಇಳಿದರೆ, ನಿದ್ದೆಯಿಂದ ಎಬ್ಬಿಸಿದರೆ, ವಯಸ್ಸು ನಲವತ್ತೈದು ದಾಟಿದ ಮೇಲೆ ಹೊಸದಾಗಿ ಶುರುವಾದರೆ ತೋರಿಸಲೇಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುವವರು, ಪಿತ್ತಕೋಶ ತೆಗೆಸಿಕೊಂಡವರು ಅದನ್ನೂ ಡಾಕ್ಟರಿಗೆ ಹೇಳಬೇಕು.

ನನ್ನ ಚಿಂತೆಯೆಲ್ಲ ಶಾಲೆಗೆ ಹೋಗುವ ಮಕ್ಕಳದು. ಎಂಟೂಕಾಲಕ್ಕೆ ಚಿತ್ರಾನ್ನ, ಎಂಟೂವರೆಗೆ ಬಸ್ಸು. ದಿನದಲ್ಲೇ ದೊಡ್ಡ ನೂಕು ಬರುವುದು ತಿಂಡಿಯಾದ ಹದಿನೈದು ಇಪ್ಪತ್ತು ನಿಮಿಷಕ್ಕೆ, ಅಷ್ಟರಲ್ಲಿ ಮಗು ಕಂಬಿ ಹಿಡಿದು ಬಸ್ಸಿನಲ್ಲಿ ನಿಂತಿರುತ್ತದೆ. ಬಿಗಿ ಹಿಡಿದರೆ ಕೆಲವೇ ನಿಮಿಷದಲ್ಲಿ ಅವಸರ ಅಡಗುತ್ತದೆ. ಮಲ ಮಾತ್ರ ಅಲ್ಲೇ ಕೂತು, ಕರುಳು ಅದರ ನೀರು ಹೀರಿ, ಸಂಜೆಗೆ ಗಟ್ಟಿಯಾಗುತ್ತದೆ. ಮರುದಿನ ಹೋಗುವಾಗ ನೋಯುತ್ತದೆ. ನೋವಿಗೆ ಹೆದರಿದ ಮಗು ಇನ್ನೂ ಬಿಗಿ ಹಿಡಿಯುತ್ತದೆ. ತಿಂಗಳುಗಟ್ಟಲೆ ಹೀಗಾದರೆ ಗುದನಾಳ ಹಿಗ್ಗಿ ತುಂಬಿರುವುದೇ ತಿಳಿಯದಂತಾಗುತ್ತದೆ, ಗಟ್ಟಿ ಮಲದ ಸುತ್ತ ತೆಳ್ಳನೆಯದು ಸೋರಿ ಚಡ್ಡಿಯಲ್ಲಿ ಕಲೆ ಕಾಣುತ್ತದೆ. ತಾಯಿ ಅದನ್ನು ಭೇದಿಯೆಂದು ತಿಳಿದು ಭೇದಿ ನಿಲ್ಲುವ ಮಾತ್ರೆ ಕೊಡಿಸುತ್ತಾಳೆ, ಕಟ್ಟಿದ್ದು ಇನ್ನೂ ಕಟ್ಟುತ್ತದೆ. ಅಂಥ ಮಗುವನ್ನು ಗದರಬಾರದು, ಸೋರುವುದು ಅದರ ಹಿಡಿತದಲ್ಲಿಲ್ಲ. ಮಕ್ಕಳ ಡಾಕ್ಟರು ಮಲ ಮೆತ್ತಗಾಗುವ ಔಷಧಿ ಕೊಟ್ಟು ತಿಂಗಳುಗಟ್ಟಲೆ ನೋಡಿಕೊಂಡರೆ ಸರಿಹೋಗುತ್ತದೆ.

ಈ ತೊಂದರೆ ಬರದಂತೆ ನೋಡಿಕೊಳ್ಳಲು ಖರ್ಚೇ ಇಲ್ಲ. ತಿಂಡಿಯನ್ನು ಅರ್ಧ ಗಂಟೆ ಮುಂಚೆ ಹಾಕಿ, ಆಮೇಲೆ ಐದು ಹತ್ತು ನಿಮಿಷ ಅವಸರವಿಲ್ಲದೆ ಕೂರಿಸುವುದು. ಕಮೋಡಾದರೆ ಕಾಲಡಿ ಒಂದು ಮಣೆ ಇಡಬೇಕು, ಮಂಡಿ ಮೇಲೆ ಬಂದರೆ ದಾರಿ ನೆಟ್ಟಗಾಗುತ್ತದೆ. ಶಾಲೆಯವರು ಮಾಡಬೇಕಾದದ್ದೂ ಇದೆ. ಮಧ್ಯಾಹ್ನದ ಬಿಸಿಯೂಟವೂ ಇದೇ ಸುದ್ದಿಯನ್ನು ಕಳಿಸುತ್ತದೆ, ಊಟ ಮುಗಿದ ಇಪ್ಪತ್ತು ನಿಮಿಷಕ್ಕೆ ತರಗತಿಯ ಗಂಟೆ ಹೊಡೆಯುತ್ತದೆ. ಆಗ ಕೈ ಎತ್ತಿದ ಮಗುವನ್ನು ಕೂರಿಸುವ ಮೇಷ್ಟ್ರು ಅದರ ದೇಹದ ನಿಯಮದ ವಿರುದ್ಧ ಆಜ್ಞೆ ಕೊಡುತ್ತಿರುತ್ತಾರೆ.

ಮಕ್ಕಳಿಗಾದರೂ ಕೈ ಎತ್ತಲು ಬರುತ್ತದೆ. ಶೌಚಾಲಯವಿಲ್ಲದ ಕಾಲದಲ್ಲಿ ನಮ್ಮ ಊರುಗಳ ಹೆಂಗಸರು ಕತ್ತಲೆಯಾಗುವವರೆಗೆ ತಡೆದುಕೊಂಡೇ ಬದುಕಿದರು. ಈಗ ಮನೆಗಳಲ್ಲಿ ಕಟ್ಟಿಸಿದ್ದಾರೆ, ಆದರೆ ಮನೆ ಬಿಟ್ಟು ಹೊರಟ ದಿನ ಪಾಡು ಬದಲಾಗಿಲ್ಲ. ಎಡೆಯೂರಿನ ತೇರಿಗೆ ಹೊರಡುವ ದಿನ, ತುಮಕೂರಿನ ಆಸ್ಪತ್ರೆಗೆ ಹೊರಡುವ ದಿನ, ಬೆಳಿಗ್ಗೆ ಗಂಡಸರಿಗೆಲ್ಲ ಬಡಿಸಿ ತಾನು ಅರ್ಧ ಲೋಟ ಕಾಫಿಯನ್ನೂ ಬಿಟ್ಟು ಬಸ್ಸು ಹತ್ತುವವರು ಎಷ್ಟೋ ಜನ. ತಿಂದರೆ ಕರುಳು ಎದ್ದೇಳುತ್ತದೆಂದು ಅವರಿಗೆ ಯಾವ ಡಾಕ್ಟರೂ ಹೇಳಿಕೊಟ್ಟಿಲ್ಲ. ಎಲ್ಲಿ ಚಿಲಕ ಸರಿಯಿದೆ, ಎಲ್ಲಿ ನೀರು ಬರುತ್ತದೆ ಎಂದು ತಿಳಿಯದ ಕಡೆಗೆ ಹೋಗುವಾಗ ಅವರು ಹಸಿದೇ ಹೋಗುತ್ತಾರೆ. ಬಸ್ ನಿಲ್ದಾಣ ಕಟ್ಟುವವರು ಹೋಟೆಲಿಗೆ ಜಾಗ ಗುರುತಿಸುವಾಗಲೇ ಅದರ ಪಕ್ಕದಲ್ಲಿ ಹೆಂಗಸರಿಗೆ ನೀರಿರುವ, ಚಿಲಕವಿರುವ ಶೌಚಾಲಯದ ಜಾಗವನ್ನೂ ಗುರುತಿಸಬೇಕು.